ಮಾವನ ಮನೆಯ ರ್‍ಯಾಂಪ್: ಮೂರು ಅಡಿ ಎತ್ತರಕ್ಕೆ ಎಷ್ಟು ಉದ್ದ ಬೇಕು?

ಸಿಂಧನೂರು ಕಡೆ ಹೊಸ ಮನೆಗಳೆಲ್ಲ ಎತ್ತರದ ಪಾಯದ ಮೇಲೆ ನಿಂತಿರುತ್ತವೆ. ಕಾಲುವೆ ನೀರು, ಎರೆ ಮಣ್ಣು, ಮಳೆಗಾಲದ ಕೆಸರು, ಹಾಗಾಗಿ ಮೂರು ಅಡಿ ಎತ್ತರ ಅನ್ನುವುದು ಇಲ್ಲಿ ಮಾಮೂಲು. ಮನೆಯಲ್ಲಿ ಒಬ್ಬರು ಗಾಲಿಕುರ್ಚಿಗೆ ಬಂದಾಗ ಆ ಮೂರು ಅಡಿ ದೊಡ್ಡ ಗೋಡೆಯಾಗುತ್ತದೆ. ನಾನು ಕಟ್ಟಡದ ಕೆಲಸ ನೋಡಿಕೊಳ್ಳುವವನು. ಸೋದರಮಾವನಿಗೆ ಲಕ್ವಾ ಹೊಡೆದ ಮೇಲೆ ಅವರ ಮನೆಗೆ ರ್‍ಯಾಂಪ್ ಹಾಕಿಸಿದೆ. ಅದರ ಲೆಕ್ಕ ಹೇಗೆ ಮಾಡಿದೆ ಅಂತ ಬರೆಯುತ್ತಿದ್ದೇನೆ.

ಮೊದಲು ಎತ್ತರ. ಮೆಟ್ಟಿಲು ಎಣಿಸಿ ಆರಾರು ಇಂಚು ಅಂತ ಗುಣಿಸಿದರೆ ಸಾಲದು. ರ್‍ಯಾಂಪ್ ಎಲ್ಲಿ ನೆಲ ಮುಟ್ಟುತ್ತದೋ ಅಲ್ಲಿಂದ ಅಳೆಯಬೇಕು. ಅಂಗಳ ನೋಡಲು ಸಪಾಟಾಗಿ ಕಾಣುತ್ತದೆ, ಆದರೆ ನೀರು ಹೋಗಲೆಂದು ಗೇಟಿನ ಕಡೆಗೆ ಇಳಿಜಾರು ಕೊಟ್ಟಿರುತ್ತಾರೆ. ನೀರು ತುಂಬಿದ ಲೆವೆಲ್ ಪೈಪ್ ಹಿಡಿದು ನೋಡಿದೆವು. ಬಾಗಿಲ ಮುಂದಿನ ಕಟ್ಟೆ ಅದರ ಬುಡದ ನೆಲದಿಂದ 90 ಸೆಂ.ಮೀ. ಎತ್ತರ ಇತ್ತು. ಕಟ್ಟೆಯಿಂದ ಗೇಟಿಗೆ 8.5 ಮೀಟರ್, ಮತ್ತು ಅಷ್ಟರಲ್ಲಿ ಅಂಗಳ 8.5 ಸೆಂ.ಮೀ. ಇಳಿದಿತ್ತು. ಅಂದರೆ ಗೇಟಿನ ಹತ್ತಿರ ನಿಂತು ನೋಡಿದರೆ ಅದೇ ಕಟ್ಟೆ 98.5 ಸೆಂ.ಮೀ. ಎತ್ತರದಲ್ಲಿದೆ.

ಗೌಂಡಿ "ಗೇಟಿಗೇ ನೇರ ಬಿಟ್ರಾತಲ್ರಿ ಸರ್" ಅಂದ. ಲೆಕ್ಕ ಹಾಕಿ ತೋರಿಸಿದೆ. 8.5 ಮೀಟರ್ ಉದ್ದದಲ್ಲಿ 98.5 ಸೆಂ.ಮೀ. ಏರಬೇಕು, ಅಂದರೆ ಸುಮಾರು 8.6ಕ್ಕೆ 1ರ ಇಳಿಜಾರು. ಸುರಕ್ಷಿತ ಅಂತ ಒಪ್ಪಿಕೊಂಡಿರುವ ಗರಿಷ್ಠ ಇಳಿಜಾರು 12ಕ್ಕೆ 1, ಅಂದರೆ ಒಂದು ಅಡಿ ಎತ್ತರಕ್ಕೆ ಕನಿಷ್ಠ 12 ಅಡಿ ಉದ್ದ. ಇದನ್ನು ತೂಕದಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. ಮಾವ 70 ಕೆ.ಜಿ., ಕುರ್ಚಿ 18 ಕೆ.ಜಿ., ಒಟ್ಟು 88. 12ಕ್ಕೆ 1ರಲ್ಲಿ ಕುರ್ಚಿಯನ್ನು ಸುಮ್ನೆ ಹಿಡಿದು ನಿಲ್ಲಿಸಲಿಕ್ಕೇ ಏಳು ಕೆ.ಜಿ.ಗಿಂತ ಜಾಸ್ತಿ ಬಲ ಬೇಕು. 8.6ಕ್ಕೆ 1ರಲ್ಲಿ ಅದು ಹತ್ತು ಕೆ.ಜಿ. ದಾಟುತ್ತದೆ. ತಳ್ಳುವವರು ಅತ್ತೆ, ಅವರಿಗೆ ಅರವತ್ತು ದಾಟಿದೆ, ಮೊಣಕಾಲು ನೋವು ಬೇರೆ. ಏರುವಾಗ ಸುಸ್ತಾದರೆ ನಿಲ್ಲಬಹುದು ಅಂದುಕೊಳ್ಳೋಣ, ಆದರೆ ಇಳಿಯುವಾಗ ಅಷ್ಟೇ ಬಲವನ್ನು ಹಿಂದಕ್ಕೆ ಎಳೆದು ಹಿಡಿಯಬೇಕಲ್ವಾ? ಅಲ್ಲಿ ಕೈ ಜಾರಿದರೆ ಕುರ್ಚಿ ಗೇಟಿಗೇ ಹೋಗಿ ಹೊಡೆಯುತ್ತದೆ.

ಹಾಗಾಗಿ ನಾನು 12ಕ್ಕೂ ನಿಲ್ಲದೆ 14ಕ್ಕೆ 1 ಇಟ್ಟುಕೊಂಡೆ. 90ನ್ನು 14ರಿಂದ ಗುಣಿಸಿದರೆ 1260 ಸೆಂ.ಮೀ., ಅಂದರೆ 12.6 ಮೀಟರ್. ಇದು ಇಳಿಜಾರಿನ ಉದ್ದ ಮಾತ್ರ. ಒಂದೇ ಓಟದಲ್ಲಿ 75 ಸೆಂ.ಮೀ.ಗಿಂತ ಜಾಸ್ತಿ ಏರಬಾರದು, ನಡುವೆ 1.5 ಮೀಟರ್ ಸಮತಟ್ಟಾದ ಲ್ಯಾಂಡಿಂಗ್ ಬೇಕು. ಮೇಲೆ ಬಾಗಿಲ ಮುಂದೆ ಒಂದು, ಕೆಳಗೆ ಒಂದು ಸಮತಟ್ಟು ಜಾಗ, ಅವೂ 1.5 ಮೀಟರ್. ನೇರವಾಗಿ ಹಾಕಿದರೆ ಅಂಗಳ ಸಾಲುವುದಿಲ್ಲ. ಎರಡು ಓಟ ಮಾಡಿ ಮಡಚಿದೆ. ಪ್ರತಿ ಓಟ 45 ಸೆಂ.ಮೀ. ಇಳಿಯುತ್ತದೆ, ಉದ್ದ 6.3 ಮೀಟರ್. ಕಟ್ಟೆಯಿಂದ ಗೇಟಿನ ಕಡೆಗೆ 6.3 ಮೀಟರ್, ಅಲ್ಲಿ 1.5 ಮೀಟರಿನ ತಿರುವು ಲ್ಯಾಂಡಿಂಗ್, ಒಟ್ಟು 7.8. ಎಂಟೂವರೆ ಮೀಟರಿನಲ್ಲಿ ಕೂತಿತು. ಅಲ್ಲಿಂದ ಪಕ್ಕದಲ್ಲೇ ವಾಪಸ್ ಮನೆ ಕಡೆಗೆ ಎರಡನೇ ಓಟ.

ಮಡಚುವುದರಿಂದ ಇನ್ನೊಂದು ಲಾಭ ಇದೆ, ಇದನ್ನು ಜನ ಗಮನಿಸುವುದು ಕಡಿಮೆ. ರ್‍ಯಾಂಪಿನ ಬುಡ ಮತ್ತೆ ಕಟ್ಟೆಯ ಸಾಲಿಗೇ ಬಂದು ನಿಲ್ಲುತ್ತದೆ. ಅಲ್ಲಿ ಎತ್ತರ 90 ಮಾತ್ರ, ಗೇಟಿನ ಹತ್ತಿರದ ಆ 8.5 ಸೆಂ.ಮೀ. ಲೆಕ್ಕಕ್ಕೇ ಬರುವುದಿಲ್ಲ. ನೇರ ರ್‍ಯಾಂಪಿನಲ್ಲಿ ಉದ್ದ ಹೆಚ್ಚಿಸಿದಷ್ಟೂ ನೆಲವೂ ಕೆಳಗೆ ಹೋಗುತ್ತದೆ, ಹಾಗಾಗಿ ಮತ್ತೆ ಉದ್ದ ಹೆಚ್ಚಿಸಬೇಕು.

ತಿರುವಿನ ಲ್ಯಾಂಡಿಂಗ್ ಎರಡೂ ಸಾಲುಗಳಷ್ಟು ಅಗಲ ಇರಬೇಕು. ಸಾಲಿನ ಒಳ ಅಗಲ 1.2 ಮೀಟರ್ ಇಟ್ಟೆವು. ಲ್ಯಾಂಡಿಂಗಿನಲ್ಲಿ ನೀರು ನಿಲ್ಲಬಾರದೆಂದು 1.5 ಮೀಟರಿಗೆ 1.5 ಸೆಂ.ಮೀ. ಮಾತ್ರ ಇಳಿಜಾರು. ಅದಕ್ಕಿಂತ ಜಾಸ್ತಿ ಕೊಟ್ಟರೆ ಬ್ರೇಕ್ ಹಾಕದೆ ಕುರ್ಚಿ ನಿಲ್ಲುವುದಿಲ್ಲ, ಆಮೇಲೆ ಲ್ಯಾಂಡಿಂಗ್ ಇದ್ದೂ ಇಲ್ಲದ ಹಾಗೆ.

ಹೊಸ್ತಿಲ ವಿಷಯ ಬೇರೆ. ಅದು ನಾಲ್ಕು ಸೆಂ.ಮೀ. ಎದ್ದಿದೆ, ಕೊಯ್ಯಲು ಅತ್ತೆ ಒಪ್ಪಲಿಲ್ಲ, ನಾನೂ ಒತ್ತಾಯ ಮಾಡಲಿಲ್ಲ, ದಿನಾ ಪೂಜೆ ಮಾಡುವ ಹೊಸ್ತಿಲು ಅದು. ಎರಡೂ ಕಡೆ 48 ಸೆಂ.ಮೀ. ಉದ್ದದ ಮರದ ಇಳಿಜಾರು ಹಲಗೆ ಮಾಡಿಸಿದೆ. ಕಟ್ಟೆ ಎರಡು ಮೀಟರ್ ಅಗಲ ಇದ್ದಿದ್ದರಿಂದ ಹಲಗೆ ಕಳೆದರೂ ಒಂದೂವರೆ ಮೀಟರ್ ಸಮತಟ್ಟು ಉಳಿಯಿತು. ಒಳಗಿನ ಹಲಗೆಯನ್ನು ಕೂರಿಸಿಬಿಡಬೇಡಿ. ಬಾಗಿಲು ಒಳಕ್ಕೆ ತೆಗೆಯುತ್ತದೆ, ಹಲಗೆ ಅಡ್ಡ ಬಂದು ಮುಚ್ಚುವುದೇ ಇಲ್ಲ. ಹಿಡಿ ಹಾಕಿಸಿ, ಬೇಕಾದಾಗ ಇಟ್ಟು ತೆಗೆಯುವ ಹಾಗೆ ಮಾಡಿ.

ಇಳಿಜಾರು ಸರಿ ಬಂದಿದೆಯಾ ಅಂತ ಕಣ್ಣಳತೆಯಲ್ಲಿ ಗೊತ್ತಾಗುವುದಿಲ್ಲ. 140 ಸೆಂ.ಮೀ. ಉದ್ದದ ನೇರ ಪಟ್ಟಿ ತಗೊಳ್ಳಿ. ಅದರ ಕೆಳತುದಿಗೆ ಸರಿಯಾಗಿ 10 ಸೆಂ.ಮೀ.ಯ ಮರದ ತುಂಡು ಮೊಳೆ ಹೊಡೆಯಿರಿ. ರ್‍ಯಾಂಪಿನ ಮೇಲಿಟ್ಟು ಸ್ಪಿರಿಟ್ ಲೆವೆಲ್ ನೋಡಿ. ಗುಳ್ಳೆ ನಡುವೆ ಇದ್ದರೆ 14ಕ್ಕೆ 1 ಇದೆ. ತುಂಡು ಇರುವ ತುದಿಯನ್ನು ಇನ್ನೂ ಎತ್ತಬೇಕಾದರೆ ಅಲ್ಲಿ ಕಡಿದಾಗಿದೆ. ಕಾಂಕ್ರೀಟು ಹಸಿ ಇರುವಾಗಲೇ ಉದ್ದಕ್ಕೂ ಹೀಗೆ ನೋಡುತ್ತಾ ಹೋಗಬೇಕು. ಸಾಮಾನ್ಯವಾಗಿ ತಪ್ಪುವುದು ಎರಡು ತುದಿಗಳಲ್ಲಿ. ಮೇಲೆ ಕಟ್ಟೆಗೆ ಸೇರುವಲ್ಲಿ ಗೌಂಡಿಗಳು ದಿಢೀರ್ ಏರಿಸಿಬಿಡುತ್ತಾರೆ. ಕೆಳಗೆ ಕಾಂಕ್ರೀಟಿನ ದಪ್ಪ ಒಂದು ಅಂಚಾಗಿ ಉಳಿಯುತ್ತದೆ, ಕುರ್ಚಿಯ ಮುಂದಿನ ಸಣ್ಣ ಗಾಲಿ ಅಲ್ಲೇ ತಗಲಿಕೊಂಡು ಕೂತವರು ಮುಂದಕ್ಕೆ ಮುಗ್ಗರಿಸುತ್ತಾರೆ. ಬುಡದಲ್ಲಿ ನೆಲ ಅಗೆದು ಕಾಂಕ್ರೀಟನ್ನು ಒಳಕ್ಕೆ ಇಳಿಸಿ, ಮೇಲ್ಮೈ ಅಂಗಳಕ್ಕೆ ಸಮ ಮಾಡಬೇಕು.

ಮೇಲೆ ಶಹಾಬಾದ್ ಪರ್ಸಿ ಹಾಸೋಣ ಅಂದರು. ಪಾಲಿಶ್ ಮಾಡಿದ್ದು ಬೇಡ ಅಂದೆ. ಬೆಳಗ್ಗೆ ಅಂಗಳಕ್ಕೆ ನೀರು ಹಾಕುವ ಮನೆ, ಒದ್ದೆಯಾದರೆ ತಳ್ಳುವವರ ಕಾಲೇ ಮೊದಲು ಜಾರುತ್ತದೆ. ಹಸಿ ಕಾಂಕ್ರೀಟಿನ ಮೇಲೆ ಅಡ್ಡಲಾಗಿ ಕಸಬರಿಗೆ ಎಳೆದು ಒರಟು ಮಾಡಿಸಿದೆ. ಅಂಚಿಗೆ ಹತ್ತು ಸೆಂ.ಮೀ. ದಂಡೆ, ಎರಡೂ ಕಡೆ 90 ಸೆಂ.ಮೀ. ಎತ್ತರದಲ್ಲಿ ಕೈಪಿಡಿ ಕಂಬಿ.

ನನಗೆ ಜಾಸ್ತಿ ಚಿಂತೆ ಇದ್ದದ್ದು ಎರೆ ಮಣ್ಣಿನದು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಮನೆ ಆಳವಾದ ಪಾಯದ ಮೇಲಿದೆ, ರ್‍ಯಾಂಪ್ ಅಷ್ಟು ಆಳ ಹೋಗುವುದಿಲ್ಲ, ಎರಡೂ ಒಂದೇ ಸಮ ಕದಲುವುದಿಲ್ಲ. ಅದಕ್ಕೆ ಎರೆ ಮಣ್ಣು ತೆಗೆದು ಗರಸು ತುಂಬಿ, ಅರ್ಧ ಅಡಿಗೊಂದು ಪದರದಂತೆ ನೀರು ಹಾಕಿ ದಮ್ಮಸು ಹೊಡೆಸಿದೆ. ಕಟ್ಟೆಗೂ ರ್‍ಯಾಂಪಿಗೂ ನಡುವೆ ತೆಳು ಥರ್ಮಕೋಲ್ ಇಟ್ಟು ಸಂದು ಬಿಟ್ಟೆ. ಕಟ್ಟೆಗೆ ಅಂಟಿಸಿ ಹಾಕಿದ್ದರೆ ಅಲ್ಲೇ ಬಿರುಕು ಬಿಡುತ್ತಿತ್ತು. ಈ ಸಂದಿನ ಮೇಲೆ ಪ್ರತಿ ಮಳೆಗಾಲ ಮುಗಿದ ಮೇಲೂ, ಬೇಸಿಗೆಯ ಕೊನೆಗೂ ಪಟ್ಟಿ ಅಡ್ಡ ಇಟ್ಟು ನೋಡಲು ಅತ್ತೆಯ ಮಗನಿಗೆ ಹೇಳಿದ್ದೇನೆ. ಅರ್ಧ ಇಂಚಿನಷ್ಟು ಮೆಟ್ಟಾಗುವವರೆಗೆ ಕಾಯಬಾರದು. ಅದಕ್ಕಿಂತ ಮುಂಚೆಯೇ ತಗ್ಗಾದ ಕಡೆ ಒಂದಡಿ ಉದ್ದಕ್ಕೆ ಕೆರೆದು, ಸಿಮೆಂಟು ಗಾರೆಯಿಂದ ಓರೆಯಾಗಿ ಎಳೆದು ಸಮ ಮಾಡಿದರೆ ಸಾಕು, ಆದರೆ ಸಂದಿನೊಳಗೆ ಮಾತ್ರ ಗಾರೆ ತುಂಬಬಾರದು.