ಕ್ಯಾಷಿಯರ್ ನಿಮ್ಮ ಮೊಬೈಲನ್ನು ಸ್ಕ್ಯಾನ್ ಮಾಡಿದಾಗ ಹಣ ಸಾಗುವ ದಾರಿ

ನಮ್ಮ ಊರುಗಳಲ್ಲಿ ಕೋಡ್ ಇರುವುದು ಅಂಗಡಿಯ ಗಲ್ಲಾದ ಮೇಲೆ. ಅದನ್ನು ಸ್ಕ್ಯಾನ್ ಮಾಡುವವರು ನಾವು, ಮೊತ್ತ ಒತ್ತುವವರು ನಾವು, ಪಿನ್ ಹಾಕುವವರೂ ನಾವೇ. ಚೀನಾದ ಸೂಪರ್‌ಮಾರ್ಕೆಟ್‌ಗೆ ಹೋದರೆ ಈ ಕ್ರಮ ಪೂರ್ತಿ ತಿರುವುಮುರುವಾಗುತ್ತದೆ. ಅಲ್ಲಿ ಕೋಡ್ ತೋರಿಸುವವರು ಗ್ರಾಹಕರು, ಸ್ಕ್ಯಾನ್ ಮಾಡುವವರು ಕ್ಯಾಷಿಯರ್. ಸಾಲು ಬೇಗ ಸಾಗುತ್ತದೆ ಎಂಬುದೇ ಇದರ ದೊಡ್ಡ ಅನುಕೂಲ. ವ್ಯಾಪಾರಕ್ಕೋ ಓದಿಗೋ ಅಲ್ಲಿಗೆ ಹೋಗುವ ಕನ್ನಡಿಗರು ಮೊದಲ ದಿನವೇ ಇದನ್ನು ಎದುರಿಸಬೇಕಾಗುತ್ತದೆ. ಹಾಗಾಗಿ ಅಲ್ಲಿನ ಮೊಬೈಲ್ ಪಾವತಿ ವ್ಯವಸ್ಥೆಯಾದ ವೀಚಾಟ್ ಪೇಯನ್ನು ಉದಾಹರಣೆಯಾಗಿಟ್ಟುಕೊಂಡು ಒಂದು ವ್ಯವಹಾರವನ್ನು ಮೊದಲಿನಿಂದ ಕೊನೆಯವರೆಗೆ ನೋಡೋಣ.

ಗುವಾಂಗ್‌ಝೌ ಮೇಳಕ್ಕೆ ಹೋದ ಹುಬ್ಬಳ್ಳಿಯ ವ್ಯಾಪಾರಿಯೊಬ್ಬರು ರಸ್ತೆ ಬದಿಯ ಅಂಗಡಿಯಲ್ಲಿ ನೀರು, ಬಿಸ್ಕತ್ತು ಕೊಂಡರು ಎಂದುಕೊಳ್ಳಿ. ಬಿಲ್ಲು 13.50 ಯುವಾನ್.

ಪರದೆಯ ಮೇಲೆ ಮೂಡುವ ಸಂಖ್ಯೆ

ಅವರು ಆ್ಯಪ್ ತೆರೆದು ಪಾವತಿ ಕೋಡ್ ಇರುವ ಪುಟಕ್ಕೆ ಹೋಗುತ್ತಾರೆ. ಪರದೆಯ ಮೇಲ್ಭಾಗದಲ್ಲಿ ಉದ್ದಗೆರೆಗಳ ಬಾರ್‌ಕೋಡ್, ಕೆಳಗೆ ಚೌಕದ ಕ್ಯೂಆರ್ ಕೋಡ್ ಕಾಣುತ್ತವೆ. ಎರಡರಲ್ಲೂ ಅಡಗಿರುವುದು 18 ಅಂಕಿಗಳ ಒಂದೇ ಸಂಖ್ಯೆ. ಅದರ ಮೊದಲ ಎರಡು ಅಂಕಿಗಳು 10ರಿಂದ 15ರೊಳಗೆ ಇರುತ್ತವೆ. ಇದು ವೀಚಾಟ್‌ನ ಕೋಡ್ ಎಂದು ಅಂಗಡಿಯ ಕಂಪ್ಯೂಟರ್ ಗುರುತಿಸುವುದು ಅವುಗಳಿಂದಲೇ. ಅಂಗಡಿಯಲ್ಲಿರುವ ಸ್ಕ್ಯಾನರ್ ಯಾವ ಬಗೆಯದಾದರೂ ಕೆಲಸ ನಡೆಯಲಿ ಎಂದು ಎರಡೂ ರೂಪಗಳನ್ನು ಒಟ್ಟಿಗೆ ಕೊಟ್ಟಿದ್ದಾರೆ.

ಈ ಸಂಖ್ಯೆಯಲ್ಲಿ ಹೆಸರಾಗಲಿ, ಬ್ಯಾಂಕ್ ಖಾತೆಯ ವಿವರವಾಗಲಿ, ಮೊತ್ತವಾಗಲಿ ಇರುವುದಿಲ್ಲ. ಒಂದು ಸಲದ ಬಳಕೆಗೆ ಮಾತ್ರ ಸಲ್ಲುವ ಚೀಟಿ ಅದು. ಸುಮಾರು ಒಂದು ನಿಮಿಷಕ್ಕೊಮ್ಮೆ ಬದಲಾಗುತ್ತದೆ, ಬಳಸಿದ ಕೂಡಲೇ ಸತ್ತುಹೋಗುತ್ತದೆ. ಆ ಹೊತ್ತಿಗೆ ಮೊಬೈಲ್‌ಗೆ ಸಿಗ್ನಲ್ ಇಲ್ಲದಿದ್ದರೂ ಕೋಡ್ ಮೂಡಬಲ್ಲದು. ಬ್ಯಾಂಕಿನ ಟೋಕನ್ ಯಂತ್ರ ಇಂಟರ್‌ನೆಟ್ ಇಲ್ಲದೆಯೇ ಹೊಸ ಹೊಸ ಸಂಖ್ಯೆ ತೋರಿಸುತ್ತದಲ್ಲ, ಹಾಗೆ. ನೆಲಮಾಳಿಗೆಯ ಅಂಗಡಿಯಲ್ಲಿ ನಿಂತಿದ್ದರೂ ಹಣ ಕೊಡಬಹುದು, ಏಕೆಂದರೆ ವೀಚಾಟ್ ಪೇಯ ಸರ್ವರ್ ಜತೆ ಮಾತನಾಡುವ ಕೆಲಸ ಅಂಗಡಿಯ ಕಂಪ್ಯೂಟರ್‌ನದು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಈ ಕೋಡ್ ತೋರಿಸುವುದೆಂದರೆ ಹಣ ತೆಗೆದುಕೊಳ್ಳಲು ಒಪ್ಪಿಗೆ ಕೊಟ್ಟಂತೆ. ‘ನಿಮಗೆ ಹಣ ಕಳಿಸುತ್ತೇನೆ, ಪರದೆಯ ಚಿತ್ರ ಕಳಿಸಿ’ ಎಂದು ಯಾರಾದರೂ ಕೇಳಿದರೆ ಅದು ಮೋಸವೇ. ಕೋಡ್ ಬದುಕಿರುವ ಆ ಅಲ್ಪ ಹೊತ್ತಿನಲ್ಲೇ ಅವರು ಇನ್ನೊಂದೆಡೆ ಅದನ್ನು ಸ್ಕ್ಯಾನ್ ಮಾಡಿ ಹಣ ಎಳೆದುಕೊಳ್ಳುತ್ತಾರೆ. ಆ್ಯಪ್ ಅಂಕಿಗಳನ್ನು ಮರೆಮಾಡಿ ಇಡುವುದು, ಅವನ್ನು ನೋಡಲು ಹೋದರೆ ಎಚ್ಚರಿಸುವುದು ಇದೇ ಕಾರಣಕ್ಕೆ.

ಸ್ಕ್ಯಾನರ್ ಓದದಿದ್ದರೆ

ಕ್ಯಾಷಿಯರ್ ಮೊದಲು ಸರಕುಗಳ ಬಿಲ್ಲು ಮುಗಿಸಿ, ಆಮೇಲೆ ಸ್ಕ್ಯಾನರನ್ನು ಮೊಬೈಲಿನತ್ತ ಹಿಡಿಯುತ್ತಾರೆ. ಅದಕ್ಕೂ ಮುಂಚೆ ಯಂತ್ರದ ಮೇಲಿರುವ ಮೊತ್ತವನ್ನು ನೋಡಿಕೊಳ್ಳಿ. ಮೊತ್ತ ಒತ್ತುವ ಅಧಿಕಾರ ಈ ಪದ್ಧತಿಯಲ್ಲಿ ನಿಮಗಿಲ್ಲ, 13.50ರ ಬದಲು 135 ಬಿದ್ದರೆ ಗೊತ್ತಾಗುವುದು ಹಣ ಹೋದ ಮೇಲೆ.

ಕೆಂಪು ಗೆರೆ ಬೀರುವ ಹಳೆಯ ಲೇಸರ್ ಸ್ಕ್ಯಾನರ್‌ಗಳು ಕಾಗದದಿಂದ ಮರಳಿ ಬರುವ ಬೆಳಕನ್ನು ಓದುತ್ತವೆ. ಮೊಬೈಲಿನ ಗಾಜಿನ ಮೇಲೆ ಅವುಗಳಿಗೆ ಕಪ್ಪು, ಬಿಳಿ ಬೇರ್ಪಡಿಸಿ ನೋಡಲು ಕಷ್ಟ. ಕ್ಯಾಮೆರಾದಂತೆ ಚಿತ್ರ ತೆಗೆಯುವ ಸ್ಕ್ಯಾನರ್‌ಗಳಿಗೆ ಆ ತೊಡಕಿಲ್ಲ, ಆದರೆ ಅವುಗಳಿಗೂ ಪರದೆ ಬೆಳಗುತ್ತಿರಬೇಕು. ಸ್ಕ್ಯಾನರ್ ಸದ್ದು ಮಾಡದೆ ಸುಮ್ಮನಿದ್ದರೆ ಪರದೆಯ ಬೆಳಕು ಹೆಚ್ಚಿಸಿ. ಪಕ್ಕದವರಿಗೆ ಕಾಣದಿರಲೆಂದು ಅಂಟಿಸುವ ಕಪ್ಪು ಹಾಳೆ ಇದ್ದರೆ ಮೊಬೈಲನ್ನು ನೇರವಾಗಿ ಹಿಡಿಯಿರಿ. ಬಾರ್‌ಕೋಡ್ ಮೇಲೆ ಗಾಜು ಸೀಳಿದ್ದರೆ ಕ್ಯೂಆರ್ ಕೋಡ್ ತೋರಿಸಿ. ಸ್ವಲ್ಪ ಭಾಗ ಹಾಳಾಗಿದ್ದರೂ ಓದಿಸಿಕೊಳ್ಳುವ ಶಕ್ತಿ ಅದಕ್ಕಿದೆ.

ಅಂಗಡಿಯಿಂದ ಸರ್ವರ್‌ಗೆ

ಸಂಖ್ಯೆ ಸಿಕ್ಕಿದ ಕೂಡಲೇ ಅಂಗಡಿಯ ಕಂಪ್ಯೂಟರ್ ಒಂದು ಕೋರಿಕೆ ಕಳಿಸುತ್ತದೆ. ಅದರ ಮುಖ್ಯ ಭಾಗ ಹೀಗಿರುತ್ತದೆ:

```
out_trade_no = A1027
total_fee    = 1350
auth_code    = 13**************27
```

ಮೊದಲನೆಯದು ಅಂಗಡಿ ತಾನೇ ಕೊಟ್ಟುಕೊಂಡ ಬಿಲ್ಲಿನ ಸಂಖ್ಯೆ. ಎರಡನೆಯದು ಮೊತ್ತ. ಯುವಾನಿನ ನೂರನೇ ಒಂದು ಭಾಗವಾದ ಫೆನ್ ಲೆಕ್ಕದಲ್ಲಿ ಬರೆಯುವುದರಿಂದ 13.50 ಇಲ್ಲಿ 1350 ಆಗಿದೆ. ಮೂರನೆಯದು ನಿಮ್ಮ ಪರದೆಯಿಂದ ಓದಿದ್ದು. ಈ ಸಂಖ್ಯೆ ಯಾರದು, ಇನ್ನೂ ಜೀವಂತವಾಗಿದೆಯೇ, ಹಣವಿದೆಯೇ ಎಂದು ಸರ್ವರ್ ನೋಡಿ ಉತ್ತರ ಹೇಳುತ್ತದೆ. ಎಲ್ಲ ಸರಿಯಿದ್ದರೆ ರಸೀದಿ ಹೊರಬರುತ್ತದೆ. ಕೋಡ್ ಹಳತಾಗಿದ್ದರೆ `AUTHCODEEXPIRE` ಎಂಬ ಉತ್ತರ ಬರುತ್ತದೆ, ಆಗ ಹೊಸ ಕೋಡ್ ತೋರಿಸಿದರೆ ಮುಗಿಯಿತು.

ಕೆಲವು ಸಲ ಉತ್ತರ `USERPAYING` ಎಂದಿರುತ್ತದೆ. ಗ್ರಾಹಕ ಪಾಸ್‌ವರ್ಡ್ ಹಾಕಬೇಕು ಎಂದು ಇದರ ಅರ್ಥ. ವರ್ತಕರಿಗೆ ವೀಚಾಟ್ ಪೇ ಕೊಟ್ಟಿರುವ ನಿಯಮದಂತೆ ಮೊತ್ತ 1000 ಯುವಾನ್ ದಾಟಿದರೆ, ದಿನಕ್ಕೆ ಐದು ಪಾವತಿಗಳು ಪಾಸ್‌ವರ್ಡ್ ಇಲ್ಲದೆ ಆಗಿಹೋಗಿದ್ದರೆ, ಅಥವಾ ವ್ಯವಹಾರದ ಮೇಲೆ ಅನುಮಾನ ಬಂದರೆ ಪಾಸ್‌ವರ್ಡ್ ಕೇಳಲಾಗುತ್ತದೆ. ಸಿಗ್ನಲ್ ಇಲ್ಲದ ಮೊಬೈಲ್ ಸೋಲುವುದು ಇಲ್ಲೇ. ಕೋಡ್ ಮೂಡಿತು, ಸ್ಕ್ಯಾನ್ ಆಯಿತು, ಆದರೆ ಪಾಸ್‌ವರ್ಡ್ ಕೇಳುವ ಸಂದೇಶ ತಲುಪಲಿಲ್ಲ. ಅತ್ತ ಅಂಗಡಿಯ ಕಂಪ್ಯೂಟರ್ ಕೆಲವು ಸೆಕೆಂಡಿಗೊಮ್ಮೆ A1027ರ ಗತಿ ಏನಾಯಿತು ಎಂದು ಸರ್ವರನ್ನು ವಿಚಾರಿಸುತ್ತಲೇ ಇರುತ್ತದೆ.

ಎರಡು ಸಲ ಹಣ ಹೋಗುವುದು ಹೀಗೆ

ಅತಿ ಹೆಚ್ಚು ಗೊಂದಲ ಹುಟ್ಟುವುದು ಉತ್ತರವೇ ಬಾರದಿದ್ದಾಗ. ಸರ್ವರ್ ಹಣ ತೆಗೆದುಕೊಂಡಿದೆ, ಆದರೆ ಅಂಗಡಿಯ ಜಾಲ ಕಡಿದುಹೋಗಿ ಆ ಸುದ್ದಿ ಗಲ್ಲಾಕ್ಕೆ ಮುಟ್ಟಿಲ್ಲ. ‘ಆಗಲಿಲ್ಲ, ಇನ್ನೊಮ್ಮೆ ತೋರಿಸಿ’ ಎಂದು ಕ್ಯಾಷಿಯರ್ ಸನ್ನೆ ಮಾಡುತ್ತಾರೆ. ಒಂದೇ ಕೋಡ್‌ಗೆ ಎರಡು ಸಲ ಹಣ ಹೋಗುವುದಿಲ್ಲವಲ್ಲ ಎಂದು ನಮಗೆ ಧೈರ್ಯ. ಆದರೆ ಅಷ್ಟರಲ್ಲಿ ನಿಮ್ಮ ಪರದೆಯ ಕೋಡ್ ಬದಲಾಗಿರುತ್ತದೆ. ಕ್ಯಾಷಿಯರ್ ಹೊಸ ಬಿಲ್ಲು ತೆರೆದು, ಅಂದರೆ A1028 ಎಂಬ ಹೊಸ ಸಂಖ್ಯೆಯಲ್ಲಿ, ಹೊಸ ಕೋಡನ್ನು ಓದಿದರೆ ಸರ್ವರ್‌ಗೆ ಅದು ಬೇರೆಯೇ ವ್ಯಾಪಾರ. ಇನ್ನೊಂದು 13.50 ಹೋಗುತ್ತದೆ.

ಸರಿಯಾದ ಕ್ರಮ ಬೇರೆ. ಅಂಗಡಿಯ ಕಂಪ್ಯೂಟರ್ ಮೊದಲು A1027ರ ಸ್ಥಿತಿಯನ್ನೇ ವಿಚಾರಿಸಬೇಕು. ಹಣ ಬಂದಿದೆ ಎಂದಾದರೆ ರಸೀದಿ ಕೊಡಬೇಕು. ನಿಗದಿತ ಹೊತ್ತು ಕಳೆದರೂ ಉತ್ತರ ಸ್ಪಷ್ಟವಾಗದಿದ್ದರೆ A1027ನ್ನು ರದ್ದುಗೊಳಿಸುವ ಆದೇಶ ಕಳಿಸಬೇಕು. ಹಣ ಹೋಗಿದ್ದರೆ ಆ ಆದೇಶ ಅದನ್ನು ಹಿಂದಿರುಗಿಸುತ್ತದೆ, ಹೋಗಿರದಿದ್ದರೆ ಬಿಲ್ಲನ್ನು ಮುಚ್ಚುತ್ತದೆ. ಹೊಸ ಸ್ಕ್ಯಾನ್ ಏನಿದ್ದರೂ ಅದಾದ ಮೇಲೆ.

ಗ್ರಾಹಕರಾದ ನೀವು ಎರಡನೇ ಸಲ ಮೊಬೈಲ್ ಚಾಚುವ ಮುಂಚೆ ಆ್ಯಪ್‌ನಲ್ಲಿ ಪಾವತಿಗಳ ಪಟ್ಟಿ ತೆರೆಯಿರಿ. ಹಿಂದೆ ಸಾಲು ನಿಂತಿದ್ದರೂ ನಿಲ್ಲಲಿ. ಪಟ್ಟಿಯಲ್ಲಿ 13.50 ಕಂಡರೆ ಅದನ್ನು ಮುಟ್ಟಿ, ವಿವರದ ಪುಟವನ್ನು ಕ್ಯಾಷಿಯರ್‌ಗೆ ತೋರಿಸಿ. ಅಂಗಡಿಯ ಬಿಲ್ಲಿನ ಸಂಖ್ಯೆ ಅಲ್ಲಿರುತ್ತದೆ, ಜತೆಗೆ ಅದರದೇ ಬಾರ್‌ಕೋಡ್ ಕೂಡ. ಅಂಗಡಿಯಲ್ಲಿ ಆ ವ್ಯವಸ್ಥೆ ಇದ್ದರೆ ಕ್ಯಾಷಿಯರ್ ಅದನ್ನು ಸ್ಕ್ಯಾನ್ ಮಾಡಿ ವ್ಯವಹಾರವನ್ನು ಹುಡುಕಬಹುದು, ಎರಡು ಸಲ ಹೋಗಿದ್ದರೆ ಒಂದನ್ನು ಅಲ್ಲೇ ಮರಳಿಸಬಹುದು. ಚೀನೀ ಭಾಷೆ ಬಾರದವರಿಗೂ ಆ ಪುಟ ತೋರಿಸಲು ಭಾಷೆ ಬೇಕಿಲ್ಲ.