ಅಕ್ಕನ ಮಗನ ಫೀಸು ಮತ್ತು 14 ಅಂಕಿಗಳು

ಹುಬ್ಬಳ್ಳಿಯಲ್ಲಿ ನನ್ನದು ಡಿಟಿಪಿ, ಝೆರಾಕ್ಸ್ ಅಂಗಡಿ. ರಾಣೆಬೆನ್ನೂರಿನ ನಮ್ಮ ಅಕ್ಕನ ಮಗ 2025ರ ಜೂನ್ 16ಕ್ಕೆ ಧಾರವಾಡದ ಸಪ್ತಾಪುರದ ಕಡೆ ಒಂದು ಕೋಚಿಂಗ್ ಕ್ಲಾಸಿಗೆ ಸೇರಿದ. ಪಿಎಸ್‌ಐ ಪರೀಕ್ಷೆಗೆ ಓದಬೇಕಂತ. ಫೀಸು 38,000 ರೂಪಾಯಿ, ಒಂದೇ ಸಲಕ್ಕೆ ಕಟ್ಟಿದ್ದ. ಒಂಬತ್ತು ದಿನಕ್ಕೆ ಅವರಪ್ಪನಿಗೆ ಆರಾಮ ತಪ್ಪಿ ಊರಿಗೆ ವಾಪಸ್ ಹೋಗಬೇಕಾಯಿತು. ಕೋಚಿಂಗ್‌ನವರ ವೆಬ್‌ಸೈಟಿನಲ್ಲಿ "15 ದಿನದೊಳಗೆ ಬಿಟ್ಟರೆ ಶೇ. 80ರಷ್ಟು ಹಣ ವಾಪಸ್" ಅಂತ ಇತ್ತು. ಅದರ ಸ್ಕ್ರೀನ್‌ಶಾಟ್ ಅವನ ಫೋನಿನಲ್ಲೇ ಇತ್ತು.

ಅದನ್ನು ಹಿಡಿದುಕೊಂಡು ಇಬ್ಬರೂ ಆಫೀಸಿಗೆ ಹೋದೆವು. ಕೌಂಟರಿನಲ್ಲಿ ಕೂತವರು ಫೋನ್ ನೋಡಿ, "ಇದನ್ನ ಯಾರ್ ಬೇಕಾದ್ರೂ ಮಾಡಬಹುದ್ರೀ. ನಮ್ಮ ಪೇಜ್ ನೋಡ್ರಿ, 3 ದಿನ ಐತಿ" ಅಂದು ತಮ್ಮ ಕಂಪ್ಯೂಟರ್ ನಮ್ಮ ಕಡೆ ತಿರುಗಿಸಿದರು. ನಿಜ, 3 ದಿನ ಅಂತಲೇ ಇತ್ತು. ಹುಡುಗನ ಮುಖ ಸಣ್ಣದಾಯಿತು. ನನಗೂ ಸಿಟ್ಟು ಬಂತು, ಆದರೆ ಹೇಳುವುದಕ್ಕೆ ಏನೂ ಇರಲಿಲ್ಲ.

ರಾತ್ರಿ ಅಂಗಡಿ ಮುಚ್ಚುವ ಮುಂಚೆ ಅವರು ಹೇಳಿದ್ದು ಖರೇನಾ ಅಂತ ನಾನೇ ಮಾಡಿ ನೋಡಿದೆ. ಅದೇ ಪೇಜನ್ನು ಕ್ರೋಮ್‌ನಲ್ಲಿ ತೆರೆದೆ. F12 ಒತ್ತಿದೆ, ಪೇಜಿನ ಹಿಂದಿನ ಕೋಡ್ ಬಂತು, ಅದರಲ್ಲಿ ಆ ಸಾಲನ್ನು ಹುಡುಕಿ 3 ಅಳಿಸಿ 15 ಬರೆದೆ. ಎರಡು ನಿಮಿಷವೂ ಹಿಡಿಯಲಿಲ್ಲ. ಅಕ್ಷರ, ಬಣ್ಣ, ಸಾಲಿನ ಅಂತರ ಎಲ್ಲ ಹಾಗೇ. ಮೇಲೆ ಅವರದೇ ವೆಬ್‌ಸೈಟಿನ ವಿಳಾಸ, ಬೀಗದ ಗುರುತು ಸಮೇತ! ಯಾಕೆಂದರೆ ಬದಲಾದದ್ದು ನನ್ನ ಕಂಪ್ಯೂಟರಿನಲ್ಲಿ ಕಾಣುವ ಪೇಜು ಮಾತ್ರ, ರಿಫ್ರೆಶ್ ಮಾಡಿದರೆ ಹೋಗುತ್ತದೆ, ಆದರೆ ಅಷ್ಟರಲ್ಲಿ ತೆಗೆದ ಸ್ಕ್ರೀನ್‌ಶಾಟ್ ಉಳಿಯುತ್ತದೆ. ಫೋಟೋಶಾಪ್ ಬೇಕಾಗಿಯೇ ಇಲ್ಲ. ಹಾಗಾಗಿ ತಿದ್ದಿದ ಗುರುತೂ ಆ ಚಿತ್ರದಲ್ಲಿ ಸಿಗುವುದಿಲ್ಲ. ಕೌಂಟರಿನವರ ಮಾತು ಆ ಮಟ್ಟಿಗೆ ಸರಿಯೇ ಇತ್ತು. ವಿಳಾಸ, ತಾರೀಖು ಸಮೇತ ಸ್ಕ್ರೀನ್‌ಶಾಟ್ ತೆಗೆದರೆ ಗಟ್ಟಿ ಅಂತ ನಾನು ಅಲ್ಲಿತನಕ ನಂಬಿದ್ದೆ, ಗಿರಾಕಿಗಳಿಗೂ ಹಾಗೇ ಹೇಳುತ್ತಿದ್ದೆ.

ನಮಗೆ ಬೇಕಾಗಿದ್ದು ನಮ್ಮ ಕೈಯಲ್ಲಿ ಇಲ್ಲದ ಒಂದು ಪ್ರತಿ. ಅಂದರೆ ಮೂರನೆಯವರು, ನಮಗೂ ಅವರಿಗೂ ಸಂಬಂಧ ಇಲ್ಲದವರು ಇಟ್ಟುಕೊಂಡದ್ದು. ಅಮೆರಿಕದ ಇಂಟರ್ನೆಟ್ ಆರ್ಕೈವ್ ಎಂಬ ಸಂಸ್ಥೆ 1996ರಿಂದ ವೆಬ್ ಪುಟಗಳನ್ನು ಕೂಡಿಡುತ್ತಾ ಬಂದಿದೆ. ಅದರ ವೇಬ್ಯಾಕ್ ಮಷೀನ್ ಅಂದರೆ web.archive.org. ಅಲ್ಲಿ ಕೋಚಿಂಗ್‌ನ ಮುಖಪುಟದ ವಿಳಾಸ ಹಾಕಿದೆ, ಬೇಕಾದಷ್ಟು ಪ್ರತಿ ಸಿಕ್ಕವು. ಆದರೆ ನಿಯಮ ಇದ್ದದ್ದು ಬೇರೆ ಪುಟದಲ್ಲಿ. ಆ ಪುಟದ ವಿಳಾಸವನ್ನೇ ಪೂರ್ತಿ ಹಾಕಿದಾಗ ಎರಡೇ ಸಿಕ್ಕವು. ಒಂದು ಮಾರ್ಚಿನದು, ಇನ್ನೊಂದು ಜೂನ್ 14ರದು. ಜೂನಿನದನ್ನು ತೆರೆದರೆ 15 ದಿನ ಅಂತ ಸ್ಪಷ್ಟವಾಗಿ ಇತ್ತು. ವಿಳಾಸ ಶುರುವಾಗುವುದು ಹೀಗೆ:

```
https://web.archive.org/web/20250614191040/
```

ಇದರ ಮುಂದೆ ಮೂಲ ಪುಟದ ವಿಳಾಸ ಬರುತ್ತದೆ. ನಡುವಿನ 14 ಅಂಕಿಗಳೇ ವರ್ಷ, ತಿಂಗಳು, ದಿನ, ಗಂಟೆ, ನಿಮಿಷ, ಸೆಕೆಂಡು. ಒಂದು ಎಚ್ಚರ. ಇದು ಗ್ರೀನಿಚ್ ಸಮಯ, ನಮ್ಮದಲ್ಲ. 19:10ಕ್ಕೆ ಐದೂವರೆ ತಾಸು ಕೂಡಿಸಿದರೆ ನಮ್ಮಲ್ಲಿ ರಾತ್ರಿ 12:40, ಅಂದರೆ ತಾರೀಖು 15 ಆಗಿಬಿಟ್ಟಿತು. ಕೋಚಿಂಗ್‌ನವರಿಗೆ ಕೊಡಲು ಬರೆದ ಪತ್ರದಲ್ಲಿ ನಾನು ಎರಡೂ ಸಮಯ ಹಾಕಿದೆ. ಬರೀ 14 ಅಂತ ಬರೆದಿದ್ದರೆ ನಾವು ಕೊಟ್ಟ ತಾರೀಖೇ ತಪ್ಪು ಅಂತ ಅಲ್ಲೇ ತಡೆದು ನಿಲ್ಲಿಸಬಹುದಿತ್ತು.

ಇನ್ನೊಂದು ತಪ್ಪು ಮಾಡುವುದರಲ್ಲಿದ್ದೆ. ಮುಖಪುಟದ ಜೂನ್ ಪ್ರತಿಯಲ್ಲಿ "ಪೂರ್ತಿ ಹಣ ವಾಪಸ್" ಎಂಬ ದೊಡ್ಡ ಬ್ಯಾನರ್ ಕಂಡಿತು. ಖುಷಿಯಾಗಿ ಅದನ್ನೂ ಪತ್ರಕ್ಕೆ ಸೇರಿಸಿದ್ದೆ. ಆಮೇಲೆ ಪುಟದ ಮೇಲಿನ ಪಟ್ಟಿಯಲ್ಲಿ About this capture ಒತ್ತಿ ನೋಡಿದರೆ ಆ ಚಿತ್ರ ಹತ್ತು ತಿಂಗಳು ಹಳೆಯದು. ವೇಬ್ಯಾಕ್ ಪುಟದ ಅಕ್ಷರಗಳನ್ನು ಒಂದು ದಿನ, ಚಿತ್ರಗಳನ್ನು ಇನ್ನೊಂದು ದಿನ ತೆಗೆದಿರಬಹುದು. ತೋರಿಸುವಾಗ ಹತ್ತಿರದ ತಾರೀಖಿನದನ್ನು ಜೋಡಿಸಿ ತೋರಿಸುತ್ತದೆ. ಹಾಗಾಗಿ ನಿಯಮ ಅಕ್ಷರದಲ್ಲಿ ಇಲ್ಲದೆ ಚಿತ್ರದಲ್ಲಿ ಇದ್ದರೆ ಚಿತ್ರದ ತಾರೀಖನ್ನು ಬೇರೆಯೇ ನೋಡಬೇಕು. ಬ್ಯಾನರ್ ಮಾತನ್ನು ಪತ್ರದಿಂದ ತೆಗೆದೆ. ಅದೊಂದು ಸುಳ್ಳಾಗಿದ್ದರೆ ಉಳಿದದ್ದನ್ನೂ ನಂಬುತ್ತಿರಲಿಲ್ಲ.

ಆದರೂ ಒಂದು ಸಂದು ಉಳಿದಿತ್ತು. ಪ್ರತಿ ಇರುವುದು 15ರ ನಡುರಾತ್ರಿಯದು, ಫೀಸು ಕಟ್ಟಿದ್ದು 16ರ ಬೆಳಿಗ್ಗೆ. ನಡುವೆ ಪೇಜ್ ಬದಲಾಯಿಸಿದೆವು ಅಂತ ಅವರು ಹೇಳಬಹುದು ಅಲ್ವಾ? ಆರ್ಕೈವ್ ಆ ಒಂದು ಕ್ಷಣಕ್ಕೆ ಮಾತ್ರ ಸಾಕ್ಷಿ, ಮರುದಿನಕ್ಕಲ್ಲ.

ಆಗ ಹುಡುಗ, "ಮಾಮಾ, ಫೀಸು ಕಟ್ಟಿದ ದಿನ ವಾಟ್ಸಾಪಿಗೆ ಒಂದು ಪಿಡಿಎಫ್ ಕಳಿಸಿದ್ರು, ಅದರಾಗೂ ಐತಿ" ಅಂದ. ನನಗೆ ಅದರ ನಾಲ್ಕನೇ ಪುಟದ ಫೋಟೋ ಮಾತ್ರ ಕಳಿಸಿದ. ಬೇಡ, ಅವರು ಕಳಿಸಿದ ಫೈಲನ್ನೇ ಫಾರ್ವರ್ಡ್ ಮಾಡು, ಆ ಚಾಟ್ ಮಾತ್ರ ಅಳಿಸಬೇಡ ಅಂದೆ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಅದು ಸಣ್ಣದಾಗುತ್ತದೆ, ಕ್ಯಾಮೆರಾ ಮಾಹಿತಿ ಹೋಗುತ್ತದೆ, ಹೆಸರೂ ಬದಲಾಗುತ್ತದೆ. ಡಾಕ್ಯುಮೆಂಟ್ ಆಗಿ ಬಂದ ಫೈಲು ಇದ್ದಂತೆಯೇ ಬರುತ್ತದೆ. ಅದನ್ನು ಅಂಗಡಿಯ ಕಂಪ್ಯೂಟರಿಗೆ ಹಾಕಿಕೊಂಡು, ವಿಂಡೋಸ್‌ನ ಕಮಾಂಡ್ ಪ್ರಾಂಪ್ಟಿನಲ್ಲಿ ಹ್ಯಾಶ್, ಅಂದರೆ ಫೈಲಿನ ಬೆರಳಚ್ಚಿನಂಥದ್ದು, ತೆಗೆದೆ:

```
certutil -hashfile prospectus.pdf SHA256
```

64 ಅಕ್ಷರ, ಅಂಕಿಗಳ ಒಂದು ಸಾಲು ಬರುತ್ತದೆ. ಪಿಡಿಎಫ್‌ನಲ್ಲಿ ಒಂದು ಚುಕ್ಕಿ ಬದಲಾದರೂ ಈ ಸಾಲು ಪೂರ್ತಿ ಬೇರೆಯಾಗುತ್ತದೆ. ಹ್ಯಾಶ್ ಒಂದೇ ಇದ್ದರೆ ಫೈಲು ಖರೇ ಅಂತಲ್ಲ, ಎರಡು ಫೈಲು ಒಂದೇ ಅಂತ ಮಾತ್ರ. ಆದರೆ ನಮಗೆ ಬೇಕಾಗಿದ್ದೂ ಅಷ್ಟೇ. ಯಾಕೆಂದರೆ ಅದೇ ಫೈಲು ಅವರ ಅಡ್ಮಿಷನ್ ಫೋನಿನಲ್ಲೂ ಇರಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಕಾರ ಎಲೆಕ್ಟ್ರಾನಿಕ್ ಸಾಕ್ಷ್ಯದ ಜೊತೆ ಕೊಡುವ ಪ್ರಮಾಣಪತ್ರದಲ್ಲೂ ಹ್ಯಾಶ್ ಬರೆಯಬೇಕು. ಮುಂದೆ ಕೋರ್ಟಿಗೆ ಹೋಗಬೇಕಾಗಿ ಬಂದರೂ ಈ ಕೆಲಸ ವ್ಯರ್ಥ ಆಗುತ್ತಿರಲಿಲ್ಲ.

ಎರಡನೇ ಸಲ ಹೋದಾಗ ಫೋನ್ ತೋರಿಸಲೇ ಇಲ್ಲ. ಪತ್ರ ಕೊಟ್ಟೆ. "ಈ ವಿಳಾಸ ನಿಮ್ಮ ಕಂಪ್ಯೂಟರಿನಾಗ ನೀವೇ ತೆರೀರಿ" ಅಂದೆ. ತೆರೆದರು. ಸ್ವಲ್ಪ ಹೊತ್ತು ನೋಡಿ, "ಇದು ಹಳೇದ್ರೀ, ಅಡ್ಮಿಷನ್ ಹೊತ್ತಿಗೆ ಚೇಂಜ್ ಆಗಿತ್ತು" ಅಂದರು. ನಾವು ಕಾಯುತ್ತಿದ್ದದ್ದು ಅದೇ ಮಾತು. "ಹಂಗಾದ್ರ 16ನೇ ತಾರೀಖು ನಿಮ್ಮ ನಂಬರಿನಿಂದ ಬಂದ ಪಿಡಿಎಫ್ ತೆಗೀರಿ, ನಾಲ್ಕನೇ ಪುಟ" ಅಂದೆ. ಅವರ ಫೋನಿನಲ್ಲೇ ಇತ್ತು. ಹ್ಯಾಶ್ ಹೋಲಿಸುವ ತನಕ ಮಾತು ಹೋಗಲೇ ಇಲ್ಲ. ಒಳಗಿನಿಂದ ದೊಡ್ಡವರು ಬಂದರು, ಪತ್ರ ಓದಿದರು. ಹನ್ನೆರಡು ದಿನಕ್ಕೆ 30,400 ರೂಪಾಯಿ ಖಾತೆಗೆ ಬಂತು.

ನಮಗೆ ಹಳೆ ಪ್ರತಿ ಸಿಕ್ಕಿದ್ದು ಅದೃಷ್ಟ. ಎಲ್ಲ ಪುಟವೂ ಅಲ್ಲಿ ಇರುವುದಿಲ್ಲ. ಅದಕ್ಕೆ ಈಗ ಅಂಗಡಿಗೆ ಯಾರಾದರೂ ಆನ್‌ಲೈನ್ ಅರ್ಜಿ ತುಂಬಲಿಕ್ಕೆ, ಫೀಸು ಕಟ್ಟಲಿಕ್ಕೆ ಬಂದರೆ ದುಡ್ಡು ಹೋಗುವ ಮುಂಚೆ ನಿಯಮದ ಪುಟವನ್ನು web.archive.org/save ನಲ್ಲಿ ಹಾಕುತ್ತೇನೆ, ಅಲ್ಲಿ ಸೇವ್ ಆದ ಪ್ರತಿಯನ್ನು ತೆರೆದು ನಿಯಮದ ಸಾಲು ಬಂದಿದೆಯಾ ಓದುತ್ತೇನೆ, ಯಾಕೆಂದರೆ ಕೆಲವು ಪುಟ ಖಾಲಿ ಡಬ್ಬಿಯಂತೆ ಉಳಿದಿರುತ್ತವೆ. ಲಾಗಿನ್ ಆದಮೇಲೆ ಕಾಣುವ ಪುಟ ಅಲ್ಲಿ ಉಳಿಯುವುದಿಲ್ಲ. ಅಂಥದ್ದಕ್ಕೆ ಅವರು ಕಳಿಸಿದ ಇಮೇಲ್, ಪಿಡಿಎಫ್ ಮೂಲವನ್ನೇ ಇಟ್ಟುಕೊಳ್ಳಲು ಹೇಳುತ್ತೇನೆ. ವೆಬ್‌ಸೈಟಿನವರು ಕೇಳಿಕೊಂಡರೆ ಆರ್ಕೈವ್‌ನವರು ಪ್ರತಿ ತೆಗೆಯುವುದೂ ಉಂಟು, 2024ರ ಅಕ್ಟೋಬರಿನಲ್ಲಿ ದಾಳಿಯಾಗಿ ಅದು ಕೆಲವು ದಿನ ತೆರೆಯಲೇ ಇಲ್ಲ. ಹಾಗಾಗಿ ಇಂಥದ್ದೇ ಇನ್ನೊಂದು ತಾಣವಾದ archive.ph ನಲ್ಲೂ ಒಂದು ಪ್ರತಿ ಹಾಕಿ, ಎರಡೂ ವಿಳಾಸವನ್ನು ರಶೀದಿಯ ಹಿಂದೆ ಬರೆದು ಕೊಡುತ್ತೇನೆ.