ಅಸರ್ಷನ್–ರೀಸನ್: ಒಂದನೇ ಆಪ್ಷನ್ನೋ ಎರಡನೇದೋ ಅಂತ ನಾನು ತೀರ್ಮಾನಿಸಿದ ಬಗೆ

ನೆಟ್ ಮ್ಯಾನೇಜ್‌ಮೆಂಟ್ ಪೇಪರ್ ಬರೆಯುವವರಿಗೆ ಗೊತ್ತೇ ಇದೆ, ಅಸರ್ಷನ್–ರೀಸನ್‌ನಲ್ಲಿ ಒಂದು ಹೇಳಿಕೆ ತಪ್ಪಿದ್ದರೆ ಅಂಥ ಕಷ್ಟವಿಲ್ಲ. ಅಂಕ ಹೋಗುವುದು ಎರಡೂ ಸರಿ ಇದ್ದಾಗ. ರೀಸನ್ ನಿಜವಾಗಿ ಅಸರ್ಷನ್ನಿನ ಕಾರಣವೋ, ಅಥವಾ ಪಕ್ಕದಲ್ಲಿ ಸುಮ್ನೆ ನಿಂತಿರುವ ಇನ್ನೊಂದು ಸತ್ಯವೋ? ಕಾರಣವಾದರೆ ಒಂದನೇ ಆಪ್ಷನ್, ಸುಮ್ನೆ ಇನ್ನೊಂದು ಸತ್ಯವಾದರೆ ಎರಡನೇದು.

ಕೋಚಿಂಗ್‌ಗೆ ಹದಿನೈದು ಸಾವಿರದ ಹತ್ತಿರ ಕೊಟ್ಟಿದ್ದೆ. ಅಲ್ಲಿ ಕಲಿಸಿದ್ದು ಒಂದೇ ಉಪಾಯ: ಎರಡರ ನಡುವೆ ‘ಯಾಕಂದ್ರೆ’ ಸೇರಿಸಿ ಓದಿ, ಚೆನ್ನಾಗಿ ಕೇಳಿಸಿದರೆ ಒಂದನೇ ಆಪ್ಷನ್. ಒಂದೇ ಪಾಠದ ಎರಡು ಸತ್ಯಗಳ ನಡುವೆ ‘ಯಾಕಂದ್ರೆ’ ಹಾಕಿದರೆ ಯಾವುದು ತಾನೇ ಚೆನ್ನಾಗಿ ಕೇಳಿಸಲ್ಲ? ಮಾಕ್ ಟೆಸ್ಟ್‌ಗಳಲ್ಲಿ ಈ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಹೋಗುತ್ತಿದ್ದವು.

ಆಮೇಲೆ ಇನ್ನೊಂದು ದಾರಿ ನೋಡಿದೆ. ರೀಸನ್ ಸುಳ್ಳು ಅಂದುಕೊಂಡರೆ ಅಸರ್ಷನ್ ಬೀಳುತ್ತದಾ ಅಂತ ಪರೀಕ್ಷಿಸುವುದು. ಇದು ಸುಮಾರು ಕಡೆ ಕೆಲಸ ಮಾಡಿತು, ಆದರೆ ವ್ಯಾಖ್ಯಾನ ಬಂದ ಕಡೆ ಕೈಕೊಟ್ಟಿತು. ವ್ಯಾಖ್ಯಾನವನ್ನೇ ಸುಳ್ಳು ಅಂದುಕೊಂಡರೆ ಆ ವಿಷಯವೇ ಉಳಿಯಲ್ಲ, ಅಸರ್ಷನ್ ಬಿದ್ದೇ ಬೀಳುತ್ತದೆ. ಹಾಗಂತ ವ್ಯಾಖ್ಯಾನ ಕಾರಣವಾಗಲ್ಲ.

ಕೊನೆಗೆ ಕೈ ಹಿಡಿದದ್ದು ಕೊಂಡಿ ವಾಕ್ಯ. ರೀಸನ್‌ನಿಂದ ಅಸರ್ಷನ್‌ಗೆ ಹೋಗಲು ನಡುವೆ ಒಂದೇ ಒಂದು ವಾಕ್ಯ ರಫ್ ಶೀಟಿನಲ್ಲಿ ಬರೆಯುತ್ತೇನೆ. ಹೊರಗಿನಿಂದ ಇನ್ನೊಂದು ವಿಷಯ ತರದೆ ಅದು ಕೂತರೆ ಒಂದನೇ ಆಪ್ಷನ್. ತರಲೇಬೇಕಾಗಿ ಬಂದರೆ ಎರಡನೇದು.

ಎನ್‌ಪಿವಿ–ಐಆರ್‌ಆರ್ ತಗೊಳ್ಳಿ. ಅಸರ್ಷನ್: ಎರಡರಲ್ಲಿ ಒಂದನ್ನೇ ಆರಿಸಬೇಕಾದ ಪ್ರಾಜೆಕ್ಟ್‌ಗಳಲ್ಲಿ ಎನ್‌ಪಿವಿ ಒಂದನ್ನು, ಐಆರ್‌ಆರ್ ಇನ್ನೊಂದನ್ನು ಮೇಲೆ ಇಡಬಹುದು. ರೀಸನ್: ಎನ್‌ಪಿವಿ ಸೊನ್ನೆಯಾಗುವ ದರವೇ ಐಆರ್‌ಆರ್. ಎರಡೂ ಸರಿ. ಈಗ ಕೊಂಡಿ ಬರೆಯಿರಿ. ‘ಎನ್‌ಪಿವಿ ಸೊನ್ನೆಯಾಗುವ ದರ ಐಆರ್‌ಆರ್, ಹಾಗಾಗಿ...’ ಅಲ್ಲಿಗೇ ನಿಂತುಹೋಗುತ್ತದೆ. ಮುಂದೆ ಹೋಗಬೇಕಾದರೆ ಬಂಡವಾಳದ ಗಾತ್ರವನ್ನೋ ಹಣ ಬರುವ ಸಮಯವನ್ನೋ ಹೊರಗಿನಿಂದ ತರಬೇಕು. ಎರಡನೇ ಆಪ್ಷನ್.

ರೀಸನ್ ಬದಲಾಯಿಸಿ: ಎನ್‌ಪಿವಿ ರೂಪಾಯಿ ಮೊತ್ತದಲ್ಲಿ ಅಳೆಯುತ್ತದೆ, ಐಆರ್‌ಆರ್ ಶೇಕಡಾವಾರು. ಕೊಂಡಿ: ಸಣ್ಣ ಹೂಡಿಕೆಯ ಮೇಲಿನ ದೊಡ್ಡ ಶೇಕಡಾವಾರು ರೂಪಾಯಿಯಲ್ಲಿ ಕಮ್ಮಿ ಆಗಬಹುದು. ಕೂತಿತು. 1,000 ಹಾಕಿ ವರ್ಷದ ಕೊನೆಗೆ 1,300 ಬಂದರೆ ಐಆರ್‌ಆರ್ ಶೇ 30. 10,000 ಹಾಕಿ 12,000 ಬಂದರೆ ಶೇ 20. ಆದರೆ ಶೇ 10ರ ದರದಲ್ಲಿ ಮೊದಲನೆಯದರ ಎನ್‌ಪಿವಿ ಸುಮಾರು 182, ಎರಡನೆಯದರದು 909.

ಈ ಲೆಕ್ಕ ಹಿಡಿದು ಒಂದೆರಡು ಸಂಜೆ ಬೇರೆ ಕಡೆಗೂ ಹೋದೆ. ಎರಡು ವಿಧಾನಗಳ ಮರುಹೂಡಿಕೆ ದರದ ಊಹೆ ಬೇರೆ, ಅದಕ್ಕೇ ಜಗಳ ಅಂತ ಪಠ್ಯಗಳು ಹೇಳುತ್ತವೆ ಅಲ್ವಾ? ಮೇಲಿನ ಉದಾಹರಣೆಯಲ್ಲಿ ಎಲ್ಲಾ ಹಣ ವರ್ಷದ ಕೊನೆಗೆ ಒಂದೇ ಸಲ ಬರುತ್ತದೆ. ನಡುವೆ ಮರುಹೂಡಿಕೆ ಮಾಡಲು ಏನೂ ಇಲ್ಲ, ಆದರೂ ಜಗಳ ಇದೆ. ನನ್ನ ಪ್ರಕಾರ ಗಾತ್ರದ ಕಾರಣವೇ ಇಲ್ಲಿ ಗಟ್ಟಿ. ಆದರೂ ಪರೀಕ್ಷೆಯಲ್ಲಿ ಮರುಹೂಡಿಕೆ ರೀಸನ್ ಬಂದರೆ ನಾನು ಒಂದನೇ ಆಪ್ಷನ್ನೇ ಹಾಕುತ್ತೇನೆ, ಕೀ ಉತ್ತರ ಪಠ್ಯದ ಪ್ರಕಾರವೇ ಇರುವುದು ಜಾಸ್ತಿ. ಕೀ ಪ್ರಶ್ನಿಸಲು ನೆಟ್‌ನಲ್ಲಿ ಪ್ರಶ್ನೆಗೆ 200 ರೂಪಾಯಿ ಬೇರೆ ಕಟ್ಟಬೇಕು.

ಜೊತೆಗೆ ಓದುತ್ತಿದ್ದವರು ನಂಬಲಿಲ್ಲ. ಮೂರು ಗಂಟೆಗೆ 150 ಪ್ರಶ್ನೆ, ವಾಕ್ಯ ಬರೆಯುತ್ತಾ ಕೂರಲು ಟೈಮ್ ಎಲ್ಲಿದೆ ಅಂದರು. ನಾನು ಬರೆಯುತ್ತಿದ್ದದ್ದು ಎರಡೂ ಸರಿ ಇದ್ದಾಗ ಮಾತ್ರ, ಅದೂ ನಾಲ್ಕೈದು ಪದ. ಆ ಸಲ ಈ ಪ್ರಶ್ನೆಗಳು ಹತ್ತಿರಹತ್ತಿರ ಎಲ್ಲವೂ ಸರಿಯಾದವು, ನೆಟ್ ಕೂಡ ಆಯಿತು. ಅವರಲ್ಲಿಬ್ಬರು ಈಗ ಇದನ್ನೇ ಮಾಡುತ್ತಿದ್ದಾರೆ. ಯಾವ ಯೂನಿಟ್‌ನಲ್ಲಿ ಎಂಥ ರೀಸನ್ ಜಾಸ್ತಿ ಬರುತ್ತದೆ ಅಂತ ನಾನು ಮಾಡಿಕೊಂಡ ಪಟ್ಟಿ ಒಂದಿದೆ, ಅದು ನನ್ನ ಹತ್ತಿರವೇ ಇರಲಿ.

ಕೊಂಡಿ ಬರೆದವರೂ ತಪ್ಪುವುದು ದಿಕ್ಕಿನಲ್ಲಿ. ಅಸರ್ಷನ್: ಸ್ಪ್ಯಾನ್ ಆಫ್ ಕಂಟ್ರೋಲ್ ಕಿರಿದಾದರೆ ಸಂಸ್ಥೆಯಲ್ಲಿ ಹಂತಗಳು ಹೆಚ್ಚುತ್ತವೆ. ರೀಸನ್: ಹಂತ ಹೆಚ್ಚಿದ್ದರೆ ಸಂದೇಶ ತಲುಪುವುದು ನಿಧಾನ. ಕೊಂಡಿ ಥಟ್ಟನೆ ಸಿಗುತ್ತದೆ, ಆದರೆ ಅದು ಅಸರ್ಷನ್‌ನಿಂದ ರೀಸನ್ ಕಡೆಗೆ ಹರಿಯುತ್ತಿದೆ. ನಿಧಾನ ಎಂಬುದು ಫಲ, ಕಾರಣ ಅಲ್ಲ. ಅದಕ್ಕೇ ಕೊಂಡಿಯನ್ನು ಯಾವಾಗಲೂ ರೀಸನ್‌ನಲ್ಲಿರುವ ಪದದಿಂದಲೇ ಶುರು ಮಾಡಿ.

ಇನ್ನು ಅರ್ಧ ಕಾರಣ. ಈಕ್ವಿಟಿಗಿಂತ ಸಾಲ ಅಗ್ಗ ಅಂತ ಅಸರ್ಷನ್, ಬಡ್ಡಿಯನ್ನು ಖರ್ಚಾಗಿ ತೋರಿಸಿ ತೆರಿಗೆ ಉಳಿಸಬಹುದು ಅಂತ ರೀಸನ್. ಸಾಲ ಕೊಟ್ಟವರಿಗೆ ರಿಸ್ಕ್ ಕಮ್ಮಿ ಅನ್ನುವುದೂ ಒಂದು ಕಾರಣ, ಹಾಗಾಗಿ ಇದು ಪೂರ್ತಿ ಅಲ್ಲ ಅಂತ ಸುಮಾರು ಜನ ಎರಡನೇದಕ್ಕೆ ಹೋಗುತ್ತಾರೆ. ಹೋಗಬೇಡಿ. ಕಾರಣಗಳಲ್ಲಿ ಒಂದಾಗಿದ್ದರೂ ಕೊಂಡಿ ಕೂರುತ್ತದೆ, ಒಂದನೇದೇ. ಆದರೆ ರೀಸನ್ನಿನಲ್ಲಿ ‘ತೆರಿಗೆ ಉಳಿತಾಯದಿಂದ ಮಾತ್ರ’ ಅಂತ ಬಂದರೆ ಕೊಂಡಿ ಹುಡುಕುವ ಕೆಲಸವೇ ಇಲ್ಲ. ಆ ‘ಮಾತ್ರ’ದಿಂದ ರೀಸನ್ನೇ ತಪ್ಪಾಗುತ್ತದೆ, ಉತ್ತರ ‘ಅಸರ್ಷನ್ ಸರಿ, ರೀಸನ್ ತಪ್ಪು’.